ಗಂಗಾಧರಯ್ಯನ ಎರಡನೇ ಲೈನು

ಅಜ್ಜಂಪುರದ ಸುತ್ತಿನ ಹಟ್ಟಿಗಳಲ್ಲಿ ತಲೆ ನರೆತ ಯಾರನ್ನಾದರೂ ತಡೆದು ಕೇಳಿ, "ನಿಮ್ಮೂರಿಗೆ ಕರೆಂಟು ತಂದಿದ್ದು ಯಾರು?" ಅಂತ. ಯಾವ ಮಂತ್ರಿ ಬಂದು ಹಾರ ಹಾಕಿಸಿಕೊಂಡು ಗುಂಡಿ ಒತ್ತಿದ ಅನ್ನೋದು ಒಬ್ಬರಿಗೂ ನೆನಪಿಲ್ಲ. "ಇನ್ಯಾರು ಸ್ವಾಮಿ, ನಮ್ಮ ಲೈನ್‌ಮನ್ ಗಂಗಾಧರಯ್ಯ" ಅಂತಾರೆ. ಅಂತರಘಟ್ಟೆ ಕಡೆಯ ಹೊಲಗಳಲ್ಲಿ ನಿಂತಿರೋ ಕಂಬಗಳಲ್ಲಿ ಅವರು ಹತ್ತದ ಕಂಬ ಹುಡುಕಿದರೂ ಸಿಗಲ್ಲ. ಹಣೆ ತುಂಬ ವಿಭೂತಿ, ಮೈಮೇಲೆ ಖಾಕಿ, ಸೊಂಟದಲ್ಲಿ ಕಟಿಂಗ್ ಪ್ಲೈಯರ್. ಮಳೆ ಬರಲಿ, ಗಾಳಿ ಬೀಸಲಿ, ಲೈನು ಹೋಯ್ತು ಅಂದರೆ ಉಣ್ಣೋ ತಟ್ಟೆ ಬಿಟ್ಟು ಏಳ್ತಿದ್ದರು.

ಒಂದು ಹಟ್ಟಿಯಲ್ಲಿ ಮೊದಲ ಸಲ ಬಲ್ಬ್ ಹೊತ್ತಿದಾಗ ಅಂಜಿನಮ್ಮ ಅನ್ನೋ ಮುದುಕಿ ಓಡಿ ಬಂದು ಅವರ ಕಾಲು ಹಿಡಿದುಬಿಟ್ಟಳಂತೆ. ಗಂಗಾಧರಯ್ಯ ಹೌಹಾರಿ ಹಿಂದೆ ಸರಿದು, "ನನಗಲ್ಲ ತಾಯಿ, ದೀಪಕ್ಕೆ ಕೈ ಮುಗಿ" ಅಂದರಂತೆ. ಮಾತಿಗೆ ಹಾಗಂದರು, ಅಷ್ಟೇ. ಹೊಟ್ಟೆಯೊಳಗೆ ಹೆಮ್ಮೆ ಉಕ್ಕುತ್ತಿತ್ತು. ಆ ಹೆಮ್ಮೆ ಇವತ್ತಿಗೂ ಇಳಿದಿಲ್ಲ, ಇಳಿಯೋದೂ ಬೇಡ ಬಿಡಿ. ದುಡಿದು ಗಳಿಸಿದ ಹೆಮ್ಮೆ ಅದು, ಯಾರಪ್ಪನ ಮನೆಯದ್ದೂ ಅಲ್ಲ.

ಅಂಥ ಮನುಷ್ಯನಿಗೆ ಹೋದ ವರ್ಷ ಲಕ್ವ ಹೊಡೀತು. ಬಲಗೈ ಬಲಗಾಲು ಎರಡೂ ಬಿದ್ದುಹೋದವು. ಔಷಧಿ, ಎಣ್ಣೆ ನೀವೋದು, ದಿನಾ ಕಾಲು ಮಡಿಸೋದು ಚಾಚೋದು, ಎಲ್ಲ ಆದಮೇಲೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕೋ ಹಾಗಾದರು. ಮಾತು ಸರಿಹೋಯ್ತು, ಸಿಟ್ಟಂತೂ ಕೆಟ್ಟಿರಲೇ ಇಲ್ಲ. ಬಲಗೈ ಮಾತ್ರ ಮೇಲೇಳಲಿಲ್ಲ.

ತೊಂದರೆ ಶುರುವಾಗಿದ್ದು ಸ್ವಿಚ್ಚಿನಿಂದ. ಅವರ ಕೋಣೆಯ ಸ್ವಿಚ್ ಬೋರ್ಡು ಬಾಗಿಲ ಪಕ್ಕದಲ್ಲಿ, ಎತ್ತರದಲ್ಲಿದೆ. ಮಂಚ ಇರೋದು ಆ ಕಡೆ ಗೋಡೆಗೆ. ದೀಪ ಹಚ್ಚೋ ಹೊತ್ತಾದರೆ ಯಾರಾದರೂ ಬಂದು ಹಾಕಬೇಕು. ಆದರೆ ಗಂಗಾಧರಯ್ಯ ಕೂಗೋ ಪೈಕಿ ಅಲ್ಲ. ಹೆಂಡತಿ ಮಲ್ಲಿಕಾಂಬ ಹಿತ್ತಲಲ್ಲಿದ್ದರೆ, ಸೊಸೆ ದೀಪಶ್ರೀ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಆನ್‌ಲೈನಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರೆ, ಇವರು ತುಟಿಪಿಟಕ್ ಅನ್ನದೆ ಕತ್ತಲಲ್ಲೇ ಕೂತಿರೋರು. ಒಂದು ಸಂಜೆ ಮಲ್ಲಿಕಾಂಬ ಒಳಗೆ ಬಂದು ಬೆಚ್ಚಿಬಿದ್ದರು.

"ಅಯ್ಯೋ ಶಿವನೇ! ಒಂದು ಕೂಗು ಹಾಕೋಕೆ ಏನ್ರೀ ಆಗಿತ್ತು ನಿಮಗೆ?"

"ಊರಿಗೆಲ್ಲ ದೀಪ ಹಾಕಿದೋನು, ನನ್ನ ಕೋಣೆಗೆ ದೀಪ ಹಾಕಿ ಅಂತ ಬೇಡಲೇನೇ?" ಅಂದರು ಗಂಗಾಧರಯ್ಯ. ಅಂದಮೇಲೆ ಮುಖ ಗೋಡೆ ಕಡೆ ತಿರುಗಿಸಿಕೊಂಡರು. ಮಲ್ಲಿಕಾಂಬ ಅಡುಗೆಮನೆಗೆ ಹೋಗಿ ಸೆರಗಲ್ಲಿ ಕಣ್ಣೊರೆಸಿಕೊಂಡರು.

ಮಗ ರೇಣುಕಪ್ರಸಾದ್ ಬಸ್ ಸ್ಟ್ಯಾಂಡ್ ಹತ್ತಿರ ಮೆಡಿಕಲ್ ಶಾಪ್ ಇಟ್ಟಿದ್ದಾನೆ. ಅವನು, "ಮಂಚದ ಪಕ್ಕಕ್ಕೊಂದು ಸ್ವಿಚ್ ಎಳೆಸ್ತೀನಿ, ವೈರ್‌ಮನ್ ಕನಕರಾಜುಗೆ ಹೇಳಿದ್ರೆ ನಾಳೆನೇ ಬತ್ತಾನೆ" ಅಂದ. ಸರಿಯಾದ ಮಾತೇ. ಆದರೆ ಆ ಮನೆಯ ವೈರಿಂಗು ಗಂಗಾಧರಯ್ಯ ಸ್ವಂತ ಕೈಯಿಂದ ಮಾಡಿದ್ದು. ತೇಗದ ಪಟ್ಟಿ, ನೂಲು ಹಿಡಿದಂತೆ ನೆಟ್ಟಗೆ ಓಡಿದ ತಂತಿ, ಇಷ್ಟು ವರ್ಷದಲ್ಲಿ ಒಂದು ಕಡೆಯೂ ಕಿಡಿ ಹಾರಿಲ್ಲ. "ನನ್ನ ಗೋಡೆಗೆ ಇನ್ನೊಬ್ಬ ಮೊಳೆ ಹೊಡೆಯೋದು ನಾನು ಸತ್ತಮೇಲೆ" ಅಂದುಬಿಟ್ಟರು. ಮೊಂಡುತನ ಅನ್ನಿ, ಏನಾದರೂ ಅನ್ನಿ. ಮಗ ಸುಮ್ಮನಾದ.

ಸೊಸೆ ಸುಮ್ಮನಾಗಲಿಲ್ಲ. ದೀಪಶ್ರೀ ಸ್ಮಾರ್ಟ್ ಬಲ್ಬ್ ತರಿಸಿದಳು. "ಮಾವ, ಗೋಡೆ ಮುಟ್ಟಲ್ಲ, ತಂತಿ ಮುಟ್ಟಲ್ಲ. ಹಳೇ ಬಲ್ಬ್ ತೆಗೆದು ಅದೇ ಹೋಲ್ಡರಿಗೆ ಇದನ್ನ ಹಾಕೋದು. ಆಮೇಲೆ ನಿಮ್ಮ ಫೋನೇ ಸ್ವಿಚ್ಚು. ಎಡಗೈ ಹೆಬ್ಬೆರಳಲ್ಲಿ ಒತ್ತಿದ್ರೆ ಸಾಕು" ಅಂದಳು. ಗಂಗಾಧರಯ್ಯ ಬಲ್ಬನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ತೂಕ ನೋಡಿದರು, ವಾಟ್ ಎಷ್ಟು ಅಂತ ಓದಿದರು. ಬಾಯಲ್ಲಿ "ಆಟದ ಸಾಮಾನು" ಅಂದರೂ ಕಣ್ಣಲ್ಲಿ ಆಸೆ ಇತ್ತು. ಕರೆಂಟಿನ ಕೆಲಸದಲ್ಲಿ ಹೊಸದು ಬಂದರೆ ಅವರಿಗೆ ಯಾವಾಗಲೂ ಹಾಗೇ.

ಮರುದಿನ ಬೆಳಗ್ಗೆ ಇನ್ನೊಂದು ಸುದ್ದಿ ಬಂತು. ಗಿಡ್ಡಪ್ಪ ಫೋನ್ ಮಾಡಿದ್ದ. ಗಂಗಾಧರಯ್ಯನ ಜತೆ ಬಹಳ ಕಾಲ ಕಂಬ ಹತ್ತಿ ತಂತಿ ಎಳೆದವನು, ಈಗ ತರೀಕೆರೆಯಲ್ಲಿ ಮಗಳು ಭೂಮಿಕಾ ಮನೆಯಲ್ಲಿದ್ದಾನೆ. "ಗಂಗಣ್ಣ, ಸಂಜೆ ಬಸ್ಸಿಗೆ ಬತ್ತೀನಿ. ನಿನ್ನ ನೋಡಬೇಕು ಕಣೋ" ಅಂದಿದ್ದ. ಲಕ್ವ ಹೊಡೆದ ಮೇಲೆ ಇದೇ ಮೊದಲ ಸಲ ಬರ್ತಿರೋದು.

ಫೋನಿಟ್ಟ ಗಂಗಾಧರಯ್ಯ ಸೊಸೆಯನ್ನ ಕರೆದರು. "ದೀಪಾ, ಆ ಬಲ್ಬು ಇವತ್ತೇ ಆಗ್ಬೇಕು ಕಣಮ್ಮ. ಗಿಡ್ಡಪ್ಪ ಬಂದು ಕೂತಾಗ ದೀಪ ನಾನೇ ಹಾಕ್ಬೇಕು. ಅವನ ಎದುರಿಗೆ ಕತ್ತಲಲ್ಲಿ ಕೂತು ಇನ್ನೊಬ್ಬರ ದಾರಿ ನೋಡೋದು ನನ್ನ ಕೈಲಾಗಲ್ಲ."

ಅವರು ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ದೀಪಶ್ರೀ, "ಆಯ್ತು ಮಾವ, ಚಿಟಿಕೆ ಹೊಡೆಯೋದ್ರೊಳಗೆ ಮಾಡಿಬಿಡ್ತೀನಿ" ಅಂದಳು.

ಚಿಟಿಕೆ ಹೊಡೆದದ್ದೇ ಬಂತು!

ಮಧ್ಯಾಹ್ನ ಪಾಠ ಮುಗಿಸಿ ಬಂದು ಸ್ಟೂಲ್ ಹತ್ತಿ ಬಲ್ಬ್ ಹಾಕಿದಳು. ಮಾವನ ಫೋನಿಗೆ ಬಲ್ಬ್ ಕಂಪನಿಯ ಆ್ಯಪ್ ಇಳಿಸಿದಳು. "ಅತ್ತೆ, ಸ್ವಿಚ್ಚು ಹಾಕಿ, ಆರಿಸಿ, ಹಾಕಿ, ಆರಿಸಿ, ಹಾಕಿ" ಅಂದಳು. ಮಲ್ಲಿಕಾಂಬ ಟಕಟಕ ಅಂತ ಒತ್ತಿದರು. "ಲೇ, ಬಲ್ಬ್ ಸುಟ್ಟುಹೋಗುತ್ತೆ ಕಣೇ! ಯಾರೇ ಹಿಂಗೆ ಆಡ್ತಾರೆ ಸ್ವಿಚ್ಚಲ್ಲಿ?" ಅಂತ ಗಂಗಾಧರಯ್ಯ ಮಂಚದಿಂದ ಗದರಿದರು. ಬಲ್ಬು ಸುಡಲಿಲ್ಲ, ಪಿಳಿಪಿಳಿ ಅಂತ ಜೋರಾಗಿ ಮಿನುಗೋಕೆ ಶುರುವಾಯ್ತು.

"ಅದು ಈಗ ಕಿವಿ ತೆರೆದಿದೆ ಮಾವ" ಅಂದಳು ದೀಪಶ್ರೀ. "ನಮ್ಮ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಫೋನು ಅದಕ್ಕೆ ಹೇಳಿಕೊಡುತ್ತೆ. ಆಮೇಲೆ ಬಲ್ಬು ತಾನೇ ಹೋಗಿ ಪಡಸಾಲೆಯ ವೈಫೈ ಪೆಟ್ಟಿಗೆ ಜತೆ ಮಾತಾಡಿಕೊಳ್ಳುತ್ತೆ."

ಮಾವನ ಫೋನು ಮನೆಯ ವೈಫೈಗೆ ಮೊದಲೇ ಸೇರಿತ್ತು. ಆ್ಯಪ್ ಅದೇ ಹೆಸರನ್ನ ತಾನಾಗಿ ತುಂಬಿಕೊಂಡಿತು. ದೀಪಶ್ರೀ ಪಾಸ್‌ವರ್ಡ್ ಹೊಡೆದಳು. ಪರದೆ ಮೇಲೆ ಒಂದು ಚಕ್ರ ಗಿರಗಿರ ತಿರುಗಿತು. ಮೂವರೂ ಉಸಿರು ಬಿಗಿಹಿಡಿದು ನೋಡಿದರು. ಕೊನೆಗೆ "ಸಂಪರ್ಕ ಆಗಲಿಲ್ಲ" ಅಂತ ಬಂತು.

ಪಾಸ್‌ವರ್ಡ್ ತಪ್ಪಿರಬೇಕು ಅಂತ ಮತ್ತೆ ಹೊಡೆದಳು. ಆಗಲಿಲ್ಲ. ಬಲ್ಬ್ ಬಿಚ್ಚಿ ಮತ್ತೆ ಹಾಕಿದಳು. ಆಗಲಿಲ್ಲ. ಆ್ಯಪ್ ತೆಗೆದು ಮತ್ತೆ ಇಳಿಸಿದಳು. ಸ್ವಿಚ್ ಒತ್ತಿ ಒತ್ತಿ ಮಲ್ಲಿಕಾಂಬ, "ನನ್ನ ಬೆರಳಿಗೂ ಲಕ್ವ ಹೊಡೀತದೆ ಕಣೇ" ಅಂದರು. ಹೊರಗೆ ಬಿಸಿಲು ಇಳೀತಾ ಇತ್ತು. ಗಂಗಾಧರಯ್ಯ ಬೈದಿದ್ದರಾದರೂ ದೀಪಶ್ರೀಗೆ ಸಮಾಧಾನ ಆಗ್ತಿತ್ತು. ಸುಮ್ಮನೆ ಕಿಟಕಿಯಾಚೆ ನೋಡ್ತಾ, "ಬಿಡಮ್ಮ. ನೀನೇ ಸ್ವಿಚ್ ಹಾಕು. ಬಸ್ಸು ಬರೋ ಹೊತ್ತಾಯ್ತು" ಅಂದರು. ಆ ದನಿ ಕೇಳಿ ಅವಳು ಬಲ್ಬಿನ ಡಬ್ಬಿ ಎತ್ತಿಕೊಂಡಳು. "ಬಿಡಲ್ಲ ಮಾವ" ಅಂದಳು.

ಅಷ್ಟರಲ್ಲಿ ಗಿಡ್ಡಪ್ಪ ಬಂದೇಬಿಟ್ಟ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಯಲ್ಲಿದ್ದ ಬಾಳೆಹಣ್ಣಿನ ಚೀಲ ಮಲ್ಲಿಕಾಂಬನಿಗೆ ಕೊಟ್ಟು ನೇರ ಕೋಣೆಗೆ ನುಗ್ಗಿದ. ಮಂಚದ ಮೇಲಿದ್ದ ಗೆಳೆಯನನ್ನ ನೋಡಿ ಒಂದು ಗಳಿಗೆ ನಿಂತ. ಆಮೇಲೆ, "ಏನಪ್ಪಾ, ಕಂಬ ಹತ್ತೋ ಕೋತಿ ಮಂಚ ಹತ್ತಿ ಕೂತದೆ!" ಅಂದ. ಗಂಗಾಧರಯ್ಯ ನಕ್ಕರು, ಮನೆಯವರು ಬಹಳ ದಿನದಿಂದ ಕೇಳದ ನಗು. ಗಿಡ್ಡಪ್ಪ ಮಂಚದ ತುದಿಗೆ ಕೂತು ಅವರ ತಣ್ಣಗಿನ ಬಲಗೈಯನ್ನ ತನ್ನ ಬಲಗೈಯಲ್ಲಿ ಹಿಡಕೊಂಡ. ಗಿಡ್ಡಪ್ಪನ ಆ ಕೈಯಲ್ಲಿ ಎರಡು ಬೆರಳಿಲ್ಲ.

ಆ ಬೆರಳಿನ ಕಥೆ ಹೇಳದಿದ್ದರೆ ಮುಂದಿನದು ಅರ್ಥ ಆಗಲ್ಲ. ಚೌಳಹಿರಿಯೂರಿನ ಕಡೆ ಎಲ್ಲೋ ಒಂದು ಹಿಟ್ಟಿನ ಗಿರಣಿ. ಕರೆಂಟು ಹೋದಾಗ ಇರಲಿ ಅಂತ ಗಿರಣಿಯವನು ಜನರೇಟರ್ ತಂದು, ಸರ್ಕಾರಿ ಲೈನು ಒಳಗೆ ಬರೋ ಅದೇ ತಂತಿಗೆ ಅದನ್ನೂ ಸೇರಿಸಿಬಿಟ್ಟಿದ್ದ. ಗಂಗಾಧರಯ್ಯ ಪದ್ಧತಿ ಪ್ರಕಾರ ಲೈನು ಬಂದ್ ಮಾಡಿಸಿ, ಎರಡು ಸಲ ಕೇಳಿ, "ಲೈನ್ ಕ್ಲಿಯರ್ ಗಿಡ್ಡಪ್ಪ, ಹತ್ತು" ಅಂದಿದ್ದರು. ಗಿಡ್ಡಪ್ಪ ಹತ್ತಿದ. ಅದೇ ಹೊತ್ತಿಗೆ ಗಿರಣಿಯವನು ಜನರೇಟರ್ ಹಚ್ಚಿದ. ಸತ್ತ ಲೈನಿಗೆ ಹಿಂದಿನಿಂದ ಕರೆಂಟು ಬಂತು. ಒಣ ಬಿದಿರಿನ ಗಳ ಹಿಡಿದು ಗಂಗಾಧರಯ್ಯ ಅವನನ್ನ ಬಿಡಿಸಿಕೊಳ್ಳದಿದ್ದರೆ ಅವತ್ತೇ ಮುಗೀತಿತ್ತು. ಜೀವ ಉಳೀತು, ಬೆರಳು ಹೋದವು.

ಅಂದಿನಿಂದ ಗಂಗಾಧರಯ್ಯನಿಗೆ ಅದೊಂದು ವ್ರತವೇ ಆಯ್ತು: ಒಂದು ಮನೆಗೆ ಒಂದೇ ಲೈನು. ಎಲ್ಲಿ ಎರಡು ಕಂಡರೂ ಒಂದನ್ನ ಕಿತ್ತುಹಾಕಿಯೇ ಮುಂದಕ್ಕೆ ಹೋಗೋದು. ಗೌಡರ ಮನೆ, ಬಡವನ ಮನೆ ಅಂತ ನೋಡ್ತಿರಲಿಲ್ಲ. ಬೈಸಿಕೊಂಡರು, ದೂರು ಹಾಕಿಸಿಕೊಂಡರು, ಬಿಡಲಿಲ್ಲ. ಅವರ ಸುತ್ತಿನಲ್ಲಿ ಆಮೇಲೆ ಒಬ್ಬ ಲೈನ್‌ಮನ್ನನಿಗೂ ಹಾಗಾಗಲಿಲ್ಲ. ಹೆಮ್ಮೆ ಪಡೋದಾದರೆ ಅವರು ಇದಕ್ಕೇ ಪಡಬೇಕು.

ಇತ್ತ ದೀಪಶ್ರೀ ಕೋಣೆಯ ಮೂಲೆಯಲ್ಲಿ ಕೂತು ಬಲ್ಬಿನ ಡಬ್ಬಿಯನ್ನ ತಿರುಗಿಸಿ ನೋಡ್ತಿದ್ದಳು. ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: ಎರಡು ಪಾಯಿಂಟ್ ನಾಲ್ಕು ಗಿಗಾಹರ್ಟ್ಸ್ ವೈಫೈ ಮಾತ್ರ.

"ಥೂ, ನನ್ನ ಕಣ್ಣಿಗೇನಾಗಿತ್ತು!" ಅಂದಳು. ಫೋನಲ್ಲಿ ವೈಫೈ ಪಟ್ಟಿ ತೆಗೆದಳು. ಮನೆಯದ್ದು ಒಂದೇ ಹೆಸರು: ಮಲ್ಲಿಕಾಂಬ ಫೈವ್‌ಜಿ. "ನಮ್ಮ ಪೆಟ್ಟಿಗೆ ಎರಡು ಬಗೆ ಸಿಗ್ನಲ್ ಬಿಡಬೇಕು. ಒಂದು ಎರಡು ಪಾಯಿಂಟ್ ನಾಲ್ಕು, ಇನ್ನೊಂದು ಐದು. ಇಲ್ಲಿ ಐದು ಒಂದೇ ಇದೆ. ಬಲ್ಬಿಗೆ ಐದು ಕೇಳಿಸೋದೇ ಇಲ್ಲ. ನಾವು ಹೆಸರು ಹೇಳಿಕೊಟ್ಟರೂ ಅದು ಹುಡುಕ್ತದೆ, ಸಿಗಲ್ಲ. ಇನ್ನೊಂದು ಎಲ್ಲಿ ಹೋಯ್ತು?"

ಗಂಗಾಧರಯ್ಯ ತಲೆ ತಗ್ಗಿಸಿದರು. ಮುಖ ಸಣ್ಣದಾಯ್ತು.

"ಅದನ್ನ ಬಂದ್ ಮಾಡಿಸಿದ್ದು ನಾನೇ ಕಣಮ್ಮ."

ಫೈಬರ್ ಇಂಟರ್ನೆಟ್ ಹಾಕೋಕೆ ಬಂದಿದ್ದ ಹೇಮಂತ್ ಅವತ್ತು ಫೋನಲ್ಲಿ ಎರಡು ಹೆಸರು ತೋರಿಸಿದ್ದ: ಮಲ್ಲಿಕಾಂಬ, ಮಲ್ಲಿಕಾಂಬ ಫೈವ್‌ಜಿ. ಗಂಗಾಧರಯ್ಯ, "ಒಂದು ಮನೆಗೆ ಎರಡು ಲೈನ್ ಯಾಕಯ್ಯ? ಒಂದು ಬಂದ್ ಮಾಡು" ಅಂದರು. ಹೇಮಂತ್, "ಸಾರ್, ಎರಡೂ ಇದ್ರೆ ತೊಂದರೆ ಇಲ್ಲ" ಅಂತ ಗೊಣಗಿದ. ಇವರು ಕಣ್ಣು ಬಿಟ್ಟರು. ನಿಧಾನದ್ದನ್ನ ಮುಚ್ಚಿ ವೇಗದ್ದನ್ನ ಬಿಟ್ಟು ಅವನು ಹೊರಟುಹೋದ. ಪಾಠ ಮಾಡೋ ದೀಪಶ್ರೀ ಪೆಟ್ಟಿಗೆ ಪಕ್ಕದಲ್ಲೇ ಕೂರೋದರಿಂದ ಅವಳಿಗೆ ವ್ಯತ್ಯಾಸ ಗೊತ್ತೇ ಆಗಲಿಲ್ಲ. ಮಾವನ ಕೋಣೆಯಲ್ಲಿ ಸಿಗ್ನಲ್ ಕಡ್ಡಿ ಯಾವಾಗಲೂ ಕಮ್ಮಿ. ದಪ್ಪ ಮಣ್ಣುಗೋಡೆ, ಇರಲಿ ಅಂದುಕೊಂಡಿದ್ದಳು.

"ತಾನೇ ತೋಡಿದ ಹಳ್ಳಕ್ಕೆ ತಾನೇ ಬೀಳೋದು ಅಂದ್ರೆ ಇದೇ" ಅಂದರು ಮಲ್ಲಿಕಾಂಬ.

"ಮುಚ್ಚೇ ಬಾಯಿ" ಅಂದರು ಇವರು. ಆದರೆ ಗದರಿಕೆಯಲ್ಲಿ ಕಸುವಿರಲಿಲ್ಲ.

"ಮಾವ, ಐದು ವೇಗದ್ದು, ಆದರೆ ಗೋಡೆ ಅಡ್ಡ ಬಂದ್ರೆ ಬೇಗ ಸುಸ್ತಾಗುತ್ತೆ" ಅಂದಳು ದೀಪಶ್ರೀ. "ಎರಡು ಪಾಯಿಂಟ್ ನಾಲ್ಕು ನಿಧಾನ, ಆದರೆ ದೂರ ಹೋಗುತ್ತೆ, ಗೋಡೆ ದಾಟುತ್ತೆ. ಬಲ್ಬಿಗೇನು, ಸಿನಿಮಾ ನೋಡೋದಿದೆಯಾ? ಹೊತ್ತಿಕೋ, ಆರು ಅನ್ನೋ ಎರಡು ಮಾತು ಕೇಳಿಸಿದ್ರೆ ಸಾಕು. ಅದಕ್ಕೇ ಮಾಡೋರು ಅಗ್ಗದ ಒಂದೇ ರೇಡಿಯೋ ಇಟ್ಟಿರ್ತಾರೆ. ಇನ್ನು ಆ ಫೈವ್‌ಜಿ ಅನ್ನೋ ಹೆಸರಿಗೂ ಮೊಬೈಲ್ ಟವರಿನ ಫೈವ್‌ಜಿಗೂ ಸಂಬಂಧ ಇಲ್ಲ. ಇದು ಬರೀ ಐದು ಗಿಗಾಹರ್ಟ್ಸ್."

"ಅಂದ್ರೆ ಪಂಪ್‌ಸೆಟ್ಟಿಗೆ ತ್ರೀಫೇಸು, ಮನೆ ದೀಪಕ್ಕೆ ಸಿಂಗಲ್ ಫೇಸು ಇದ್ದಂಗೆ."

"ಪೂರ್ತಿ ಹಂಗಲ್ಲ ಮಾವ. ಸದ್ಯಕ್ಕೆ ಹಂಗೇ ಅಂದ್ಕೊಳ್ಳಿ. ಈಗ ಅದನ್ನ ತೆರೀಲಾ?"

ಗಂಗಾಧರಯ್ಯ ಗಿಡ್ಡಪ್ಪನ ಕೈ ಕಡೆ ನೋಡಿದರು. ಇಷ್ಟು ವರ್ಷ ಊರೂರಲ್ಲಿ ಹಿಡಿದು ಕಾದ ಮಾತು. ಅದನ್ನ ತನಗೊಂದು ದೀಪ ಬೇಕು ಅಂತ, ಅದೂ ಆ ಬೆರಳು ಕಳಕೊಂಡವನ ಎದುರಲ್ಲೇ ಮುರಿಯೋದೇ? ಕತ್ತಲಾದರೂ ವಾಸಿ ಅನಿಸಿತು ಅವರಿಗೆ. ಕಿಟಕಿಯ ಬೆಳಕು ಮಂಕಾಗ್ತಾ ಬಂದು ಕೋಣೆಯಲ್ಲಿ ಮುಖಗಳು ಮಸುಕಾದವು.

ಮಲ್ಲಿಕಾಂಬನಿಗೆ ತಡೆಯಲಿಲ್ಲ. "ಅಲ್ರೀ, ನಮ್ಮ ಹಳೇ ರೇಡಿಯೋದಲ್ಲಿ ಭದ್ರಾವತಿ ಸ್ಟೇಷನ್ನೂ ಬರ್ತಿತ್ತು, ಬೆಂಗಳೂರು ಸ್ಟೇಷನ್ನೂ ಬರ್ತಿತ್ತು. ಎರಡೂ ಒಂದೇ ಗಾಳೀಲಿ ಬಂದು ಯಾರ ಕೈ ಸುಟ್ಟಿತ್ತು ಹೇಳಿ?"

"ಅತ್ತೆ ಹೇಳಿದ್ದೇ ಸರಿ" ಅಂದಳು ದೀಪಶ್ರೀ. "ಇದು ತಂತಿಯಲ್ಲಿ ಹರಿಯೋ ಕರೆಂಟಲ್ಲ ಮಾವ. ಒಂದೇ ಪೆಟ್ಟಿಗೆಯಿಂದ ಹೊರಡೋ ಎರಡು ಸ್ಟೇಷನ್."

ಆಗ ಗಿಡ್ಡಪ್ಪ ತನ್ನ ಕೈಯನ್ನ ಗೆಳೆಯನ ಕಣ್ಣೆದುರಿಗೆ ಹಿಡಿದ. "ಇದನ್ನ ನೋಡ್ತಿದ್ದೀಯಾ ಗಂಗಣ್ಣ? ನೋಡು, ಚೆನ್ನಾಗಿ ನೋಡು. ಇದರಲ್ಲಿ ಹೋದದ್ದು ಎರಡು ಬೆರಳು. ಉಳಿದದ್ದು ನಾನು. ಉಳಿಸಿದ್ದು ನೀನು. ಅವತ್ತಿಂದ ಎಷ್ಟು ಜನರ ಪ್ರಾಣ ಕಾಯ್ದಿದ್ದೀಯೋ ನಿನಗೇ ಗೊತ್ತಿಲ್ಲ. ಸಾಕು ಕಣೋ. ಈ ಲೈನಿಂದ ಯಾರೂ ಸಾಯಲ್ಲ. ತೆರೆಸು."

ಗಂಗಾಧರಯ್ಯ ಆ ಕೈಯನ್ನ ಎಡಗೈಯಲ್ಲಿ ಹಿಡಕೊಂಡರು. ತಡೆದು, "ತೆರಿಯಮ್ಮ ದೀಪಾ" ಅಂದರು.

ದೀಪಶ್ರೀ ಪಡಸಾಲೆಗೆ ಓಡಿದಳು. ಪೆಟ್ಟಿಗೆಯ ತಳದಲ್ಲಿ ಅಂಟಿಸಿದ್ದ ಚೀಟಿಯಲ್ಲಿ ಒಳಹೋಗೋ ಪಾಸ್‌ವರ್ಡ್ ಇತ್ತು. ಫೋನಿನ ಬ್ರೌಸರಿನಲ್ಲಿ ಪೆಟ್ಟಿಗೆಯ ಸೆಟ್ಟಿಂಗ್ ತೆಗೆದಳು. ಎರಡು ಪಾಯಿಂಟ್ ನಾಲ್ಕರ ಮುಂದೆ ಗುರುತು ಇರಲಿಲ್ಲ, ಹಾಕಿ ಉಳಿಸಿದಳು. ಒಂದು ಗಳಿಗೆ ವೈಫೈ ಪೂರಾ ಹೋಯ್ತು, ಮಲ್ಲಿಕಾಂಬ "ಇದ್ದದ್ದೂ ಹೋಯ್ತೇನೇ?" ಅಂದರು. ತಿರುಗಿ ಬಂತು. ಈ ಸಲ ಪಟ್ಟಿಯಲ್ಲಿ ಎರಡು ಹೆಸರು. ಬರೀ "ಮಲ್ಲಿಕಾಂಬ" ಅಂತಿದ್ದದಕ್ಕೆ ಮಾವನ ಫೋನನ್ನ ಸೇರಿಸಿದಳು. ಕೋಣೆಯಲ್ಲಿ ಸಿಗ್ನಲ್ ಕಡ್ಡಿ ತುಂಬಿ ಬಂದವು.

ಮತ್ತೆ ಸ್ವಿಚ್ಚಿನ ಟಕಟಕ. ಬಲ್ಬು ಪಿಳಿಪಿಳಿ. ಹೆಸರು, ಪಾಸ್‌ವರ್ಡ್. ಚಕ್ರ ತಿರುಗಿತು. ಈ ಸಲ ನಡುವೆಯೇ ಬಲ್ಬು ಮಿನುಗೋದು ನಿಲ್ಲಿಸಿ ಸುಮ್ಮನೆ ಉರಿಯಿತು, ಫೋನಿನಲ್ಲಿ ಅದರ ಚಿತ್ರ ಬಂತು. ದೀಪಶ್ರೀ ಕೂಗಿಕೊಂಡಳು. ಆಮೇಲೆ ಫೋನಿನಿಂದಲೇ ಅದನ್ನ ಆರಿಸಿ, ಫೋನನ್ನ ಮಾವನ ಎಡಗೈಗೆ ಕೊಟ್ಟಳು. ಕೋಣೆ ಕತ್ತಲಾಯ್ತು. ಮಲ್ಲಿಕಾಂಬನ ಕೈ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ಚಿನ ಕಡೆ ಹೋಯ್ತು.

"ಏಯ್, ಮುಟ್ಟಬೇಡ!" ಅಂದರು ಗಂಗಾಧರಯ್ಯ, ಹಳೇ ಲೈನ್‌ಮನ್ ದನಿಯಲ್ಲಿ. "ಸ್ವಿಚ್ ಹಾಕಿಯೇ ಇರಬೇಕು. ಅದು ಆರಿದ್ರೆ ಬಲ್ಬಿಗೆ ಕರೆಂಟೇ ಇರಲ್ಲ, ಫೋನು ಏನ್ ಹೇಳಿದ್ರೂ ಕೇಳ್ಸೋದು ಹೇಗೆ?" ಯಾರೂ ಹೇಳಿಕೊಟ್ಟಿರಲಿಲ್ಲ. ದೀಪಶ್ರೀ ಕತ್ತಲಲ್ಲೇ ನಕ್ಕಳು, ಅವಳಿಗೆ ಮಾವನ ಮೇಲೆ ಅಭಿಮಾನ ಉಕ್ಕಿ ಬಂತು.

ಹೆಬ್ಬೆರಳು ಫೋನಿನ ಮೇಲೆ ನಿಂತಿತು. ಒತ್ತಲಿಲ್ಲ. ಗಿಡ್ಡಪ್ಪನಿಗೆ ಅರ್ಥವಾಯ್ತು. ಅವನು ಎದ್ದು ಕೋಣೆಯ ನಡುವೆ, ಬಲ್ಬಿನ ಕೆಳಗೆ ನೆಟ್ಟಗೆ ನಿಂತ. ಕೆಲಸ ಮುಗಿಸಿ ಕಂಬದಿಂದ ಇಳಿದಮೇಲೆ ಕರೆಂಟು ಬಿಡೋಕೆ ಕೂಗ್ತಿದ್ದ ಹಾಗೇ ಕೂಗಿದ:

"ಲೈನ್ ಕ್ಲಿಯರ್ ಗಂಗಣ್ಣ! ಚಾರ್ಜ್ ಮಾಡು!"

ಗಂಗಾಧರಯ್ಯ ಒತ್ತಿದರು. ಝಗ್ ಅಂತ ಕೋಣೆ ತುಂಬ ಬೆಳಕಾಯ್ತು.

ಮಲ್ಲಿಕಾಂಬ ದೀಪಕ್ಕೆ ಕೈ ಮುಗಿದರು. ಮುಸ್ಸಂಜೆಯ ದೀಪಕ್ಕೆ ಕೈ ಮುಗಿಯದೆ ಇದ್ದವರಲ್ಲ ಅವರು. ಗಂಗಾಧರಯ್ಯನೂ ಫೋನನ್ನ ತೊಡೆಯ ಮೇಲಿಟ್ಟು ಕೈ ಎತ್ತಿದರು. ಎಡಗೈ ಎದೆಯ ಹತ್ತಿರ ಬಂತು, ಬಲಗೈ ಬರಲಿಲ್ಲ. ಒಂಟಿ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಗಿಡ್ಡಪ್ಪ ಬಂದು ಪಕ್ಕ ಕೂತ. ತನ್ನ ಮೂರು ಬೆರಳಿನ ಕೈಯನ್ನ ತಂದು ಆ ಅಂಗೈಗೆ ಸೇರಿಸಿದ. ಇಬ್ಬರ ಎರಡು ಕೈ ಸೇರಿ ಒಂದು ನಮಸ್ಕಾರ ಆಯ್ತು.

ಸ್ವಲ್ಪ ಹೊತ್ತಿಗೆ ದೀಪಶ್ರೀ ಕಣ್ಣೊರೆಸಿಕೊಂಡು, "ಮಾವ, ಫೋನು ಬೇಕಾದ್ರೆ ಮತ್ತೆ ಫೈವ್‌ಜಿಗೆ ಹಾಕೋಬಹುದು. ಬಲ್ಬು ಮಾತ್ರ ಯಾವಾಗಲೂ ಆ ಇನ್ನೊಂದರಲ್ಲೇ ಇರುತ್ತೆ. ಅದನ್ನ ಹಂಗೇ ಬಿಟ್ಟಿರ್ಲಾ?" ಅಂದಳು.

ಗಂಗಾಧರಯ್ಯ ಗಿಡ್ಡಪ್ಪನ ಕೈ ಬಿಡದೆ, ಬಲ್ಬಿನ ಕಡೆ ನೋಡ್ತಾ ಹೇಳಿದರು:

"ಇರ್ಲಿ ಕಣಮ್ಮ. ಎರಡು ಲೈನೂ ಇರ್ಲಿ."